ಮೋಟರ್ ಎದ್ದರೆ ಬೋರ್ಡಿಗೆ ಮೂರ್ಛೆ

ಮೋಟರ್ ಶುರುವಾಯಿತೋ, ಇಎಸ್‌ಪಿ32 ಬೋರ್ಡ್ ರೀಸೆಟ್! ಪರದೆಯ ಮೇಲೆ ಅದೇ ಗೋಳು: `Brownout detector was triggered`. ಆದರೂ ಜನ ಮೊದಲು ಬೈಯುವುದು ಪ್ರೋಗ್ರಾಮನ್ನೇ. ಮಲ್ಟಿಮೀಟರ್ ಹಿಡಿದರೆ, ಅದು ಸತ್ಯಹರಿಶ್ಚಂದ್ರನ ಗತ್ತಿನಲ್ಲಿ 5 ವೋಲ್ಟ್ ಎನ್ನುತ್ತದೆ. ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಓಡುವಾಗ 0.2 ಆಂಪಿಯರ್‌ಗೆ ತೃಪ್ತಿಪಡುವ ಪುಟ್ಟ ಮೋಟರ್, ಸುರುಳಿ 2 ಓಮ್ ಇದ್ದರೆ, ಏಳುವಾಗ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಅದೂ ಬೋರ್ಡಿನ ಗ್ರೌಂಡ್ ತಂತಿಯಲ್ಲೇ! ತಂತಿಗೆ 0.2 ಓಮ್ ಇದ್ದರೂ ಅರ್ಧ ವೋಲ್ಟ್ ಅಲ್ಲೇ ಮಾಯ. ಬಡಪಾಯಿ ಸಪ್ಲೈ ಬೇರೆ ಕುಸಿಯುತ್ತದೆ.

ಮೋಟರಿಗೆ ಪ್ರತ್ಯೇಕ ಬ್ಯಾಟರಿ ಕೊಟ್ಟು, ಎರಡರ ಗ್ರೌಂಡನ್ನು ಒಂದೇ ಕಡೆ ಸೇರಿಸಿ ನೋಡಿ. ರೀಸೆಟ್ ನಿಂತರೆ ಕಳ್ಳ ಸಿಕ್ಕ. ಒಂದೇ ಸಪ್ಲೈ ಸಾಕೆನ್ನುವವರು ಮೋಟರಿನ ಗ್ರೌಂಡನ್ನು ನೇರ ಸಪ್ಲೈಗೇ ಎಳೆದು, ಬೋರ್ಡಿನ ಪಕ್ಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಪ್ರೋಗ್ರಾಮಿಗೆ ಕ್ಷಮೆ ಕೇಳುವುದು ನಿಮಗೆ ಬಿಟ್ಟದ್ದು.