ಬರ್ತೀಯಾ, ಬರ್ತೀರಾ?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ರಾತ್ರಿ ಬಾಗಿಲು ತಟ್ಟಲು ಬರುವ ದೆವ್ವ ಅದನ್ನು ಓದಿಕೊಂಡು ವಾಪಸಾಗುತ್ತದೆ, ಮಾರನೆಯ ರಾತ್ರಿ ಬಂದು ಮತ್ತೆ ಓದಿಕೊಂಡು ಹೋಗುತ್ತದೆ ಎಂಬ ನಂಬಿಕೆ. ಭೇಟಿಯ ಸಮಯ ಗೊತ್ತುಮಾಡಲು ಕನ್ನಡದಲ್ಲಿ ಬರೆದ ಸಂದೇಶಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ. ಆ ದೆವ್ವದ ವಯಸ್ಸು ಯಾರಿಗೂ ಗೊತ್ತಿರಲಿಲ್ಲ; ನಮ್ಮ ಮುತ್ತಜ್ಜಿಗಿಂತ ಹಿರಿಯಳೂ ಆಗಿರಬಹುದಿತ್ತು. ಆದರೂ ಒಬ್ಬರೂ ‘ನಾಳೆ ಬನ್ನಿ’ ಎಂದು ಬರೆಯಲಿಲ್ಲ. ಬನ್ನಿ ಅಂದಿದ್ದರೆ ಅದು ಒಳಗೇ ಬಂದು ಕೂತು ಕಾಫಿಗೆ ಕಾಯುತ್ತಿತ್ತೋ ಏನೋ.

ಮನುಷ್ಯರಿಗೆ ಬರೆಯುವಾಗ ಕೈ ಅಷ್ಟು ಸಲೀಸಾಗಿ ಓಡುವುದಿಲ್ಲ. ‘ನೀನು’, ‘ನೀವು’ ಎರಡನ್ನೂ ಬರೆಯದೆ ತಪ್ಪಿಸಿಕೊಂಡರೂ ಕ್ರಿಯಾಪದ ಬಿಡುವುದಿಲ್ಲ, ಬಾಲ ಎತ್ತಿಕೊಂಡು ಗುಟ್ಟು ರಟ್ಟು ಮಾಡುತ್ತದೆ. ಬರ್ತೀಯಾ, ಬರ್ತೀರಾ. ನಡುವೆ ಇರುವುದು ಒಂದಕ್ಷರದ ವ್ಯತ್ಯಾಸ. ಎದುರಿಗೆ ನಿಂತು ಮಾತಾಡುವಾಗಲಾದರೆ ಆ ಅಕ್ಷರವನ್ನು ಅರ್ಧ ನುಂಗಿ, ನಕ್ಕು, ತಲೆ ಕೆರೆದುಕೊಂಡು ದಾಟಿಸಬಹುದು. ಮೊಬೈಲಿನಲ್ಲಿ ನುಂಗಲಾಗುವುದಿಲ್ಲ. ಬರೆದದ್ದು ಬರೆದ ಹಾಗೇ ಹೋಗಿ, ಎರಡು ನೀಲಿ ಗೆರೆ ಬಿದ್ದು, ಅಲ್ಲೇ ಕೂತಿರುತ್ತದೆ.

ಇತ್ತೀಚೆಗೆ ಮೈಸೂರಿನಲ್ಲಿ ನಮ್ಮ ಹೈಸ್ಕೂಲಿನ ಮೇಷ್ಟ್ರನ್ನು ನೋಡಿಕೊಂಡು ಬರೋಣ ಎಂದು ಮೂವರು ಹೊರಟೆವು: ನಾನು, ನನ್ನ ಗೆಳೆಯ, ನನ್ನ ಚಿಕ್ಕಪ್ಪ. ಭಾನುವಾರ ಸಂಜೆ ಎಂಬುದು ಆಗಲೇ ನಿಶ್ಚಯವಾಗಿತ್ತು. ಗಂಟೆ ಮಾತ್ರ ಗೊತ್ತಾಗಬೇಕು.

ಗೆಳೆಯನದು ಸುಲಭ. ‘ಭಾನುವಾರ ಐದಕ್ಕೆ ಬರ್ತೀಯಾ ಗುರು?’ ಎಂದು ಹಾಕಿದೆ. ‘ಬರ್ತೀನಿ ಮಗಾ’ ಎಂದು ಬಂತು. ನಮ್ಮ ಕಡೆಯ ವಿಚಿತ್ರ ಇದು. ನಿಜವಾದ ಗುರುಗಳಿಗೆ ‘ಸರ್’, ಗುರುವಾಗುವ ಯಾವ ಲಕ್ಷಣವೂ ಇಲ್ಲದವನಿಗೆ ‘ಗುರು’. ಹಾಗೆಂದು ಮೋಸ ಹೋಗಬೇಡಿ, ಆ ಗುರುವಿನ ಹಿಂದೆ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ. ‘ಐದಕ್ಕೆ ಬರ್ತೀರಾ ಗುರು’ ಎಂದರೆ ಅವನು ಗಾಬರಿಯಾಗಿ ಫೋನನ್ನೇ ಮಾಡುತ್ತಾನೆ: ‘ಏನೋ ಆಯ್ತು?’

ಕಷ್ಟ ಚಿಕ್ಕಪ್ಪನದು. ತಾತನ ಕೊನೆಯ ಮಗ, ನನಗಿಂತ ಚಿಕ್ಕವನು. ವರಸೆಯಲ್ಲಿ ದೊಡ್ಡವರು, ವಯಸ್ಸಿನಲ್ಲಿ ಸಣ್ಣವರು ಎಂಬ ಈ ಜಾತಿಯ ನೆಂಟರು ಪ್ರತಿ ಕನ್ನಡ ಕುಟುಂಬದಲ್ಲೂ ಒಬ್ಬರಾದರೂ ಸಿಗುತ್ತಾರೆ. ಚಿಕ್ಕಂದಿನಲ್ಲಿ ಗೋಲಿ ಆಡುವಾಗ ‘ಲೋ’ ಅಂದವನಿಗೆ, ಮದುವೆಯಾಗಿ ಮನೆಗೆ ಚಿಕ್ಕಮ್ಮ ಬಂದಮೇಲೆ ಅವರೆದುರು ಲೋ ಅನ್ನಲಾಗದು. ನೀವು ಅಂದರೆ ಅವನಿಗೇ ನಗು ಬರುತ್ತದೆ. ಇಂಥವರಿಗೆಂದೇ ಕನ್ನಡ ಒಂದು ಕಳ್ಳದಾರಿ ಇಟ್ಟಿದೆ. ಅದೇನೆಂದರೆ ಬರುವವನನ್ನು ಬಿಟ್ಟು, ಗಂಟೆಯನ್ನೋ ಕೆಲಸವನ್ನೋ ಹಿಡಿದು ಪ್ರಶ್ನೆ ಕೇಳುವುದು. ‘ಭಾನುವಾರ ಸಂಜೆ ಆಗುತ್ತಾ ಚಿಕ್ಕಪ್ಪ?’ ‘ಎಷ್ಟು ಹೊತ್ತಿಗೆ ಅನುಕೂಲ?’ ‘ಐದಕ್ಕೆ ಹೊರಡೋಣವಾ?’ ‘ನಾನೇ ಮನೆ ಹತ್ತಿರ ಬರಲಾ?’ ನೋಡಿ, ಎಲ್ಲೂ ಯ ಇಲ್ಲ, ರ ಇಲ್ಲ. ಆಗುವುದು ಸಂಜೆ, ಹೊರಡುವುದು ಇಬ್ಬರೂ, ಬರುವುದು ನಾನು. ಚಿಕ್ಕಪ್ಪನಿಗೆ ವಚನವೇ ಇಲ್ಲ.

ಈ ದಾರಿ ಬಹಳ ದೂರ ಹೋಗುತ್ತದೆ, ಆದರೆ ಕೊನೆಯವರೆಗೂ ಹೋಗುವುದಿಲ್ಲ. ಸಮಯ ಗೊತ್ತಾದಮೇಲೆ ಏನಾದರೊಂದು ಹೇಳಲೇಬೇಕಾಗುತ್ತದಲ್ಲ, ಅಲ್ಲಿ ಸಿಕ್ಕಿಬೀಳುತ್ತೇವೆ. ಸ್ಕೂಟರಿನ ಹಿಂದೆ ಕೂರುವವನಿಗೂ ಹೆಲ್ಮೆಟ್ ಬೇಕು. ‘ಹೆಲ್ಮೆಟ್ ತಗೊಂಡು ಬಾ’ ಅನ್ನಬೇಕೋ, ‘ತಗೊಂಡು ಬನ್ನಿ’ ಅನ್ನಬೇಕೋ? ತುಂಬ ಹೊತ್ತು ಯೋಚಿಸಿ ‘ಹೆಲ್ಮೆಟ್ ಇರಲಿ’ ಎಂದು ಬರೆದೆ. ‘ಇದೆ’ ಎಂದು ಉತ್ತರ ಬಂತು. ಅವನೂ ಅದೇ ದಾರಿಯಲ್ಲಿ ಓಡಾಡುವವನೆಂದು ಆಗ ಹೊಳೆಯಿತು.

ಮೇಷ್ಟ್ರ ವಿಷಯದಲ್ಲಿ ವಚನದ ಗೊಂದಲವಿಲ್ಲ. ಅಲ್ಲಿ ಎಡವುವುದು ಬೇರೆ ಕಡೆ. ಬಹುವಚನ ಹಾಕಿಬಿಟ್ಟರೆ ಮರ್ಯಾದೆ ತಾನಾಗಿ ಬಂತು ಎಂದುಕೊಳ್ಳುವವರು ‘ಐದಕ್ಕೆ ರೆಡಿ ಇದ್ದುಬಿಡಿ ಸರ್’ ಎಂದು ಬರೆಯುತ್ತಾರೆ. ವಚನವೇನೋ ಸರಿ, ಆದರೆ ‘ಬಿಡಿ’ ಸೇರಿದ ಕೂಡಲೇ ಅದು ಆಟೋದವನಿಗೆ ಹೇಳಿದ ಹಾಗಾಗುತ್ತದೆ. ಹಾಗೆ ನೋಡಿದರೆ ‘ಬೇಕು’ ಎಂಬುದು ನೋಡಲು ಅಪ್ಪಣೆ, ಕೇಳಲು ಉಪಚಾರ. ‘ತಾವು ನಮ್ಮ ಮನೆಗೆ ಬರಬೇಕು’ ಅಂದರೆ ಯಾವ ಹಿರಿಯರೂ ಬೇಸರ ಮಾಡಿಕೊಳ್ಳುವುದಿಲ್ಲ. ‘ಬಿಡಿ’ಯ ಗುಣವೇ ಬೇರೆ. ಇನ್ನು ಗಂಟೆಯನ್ನು ನಾವೇ ಹೇಳುವುದೂ ಅಷ್ಟು ಚೆನ್ನಲ್ಲ. ‘ಐದಕ್ಕೆ ಬರ್ತೀವಿ ಸರ್’ ಎಂದರೆ ಸುದ್ದಿ ಮುಟ್ಟಿಸಿದಂತೆ; ‘ಯಾವಾಗ ಬಂದರೆ ಅನುಕೂಲ ಸರ್?’ ಎಂದರೆ ಕೇಳಿದಂತೆ. ನಾನು ‘ನಮಸ್ಕಾರ ಸರ್’ ಎಂದು ಶುರುಮಾಡಿ, ಹೇಗಿದ್ದೀರಿ ಎಂದು ವಿಚಾರಿಸಿ, ‘ಭಾನುವಾರ ಸಂಜೆ ಐದರ ಸುಮಾರಿಗೆ ಬರಬಹುದಾ, ಅಥವಾ ತಮಗೆ ಅನುಕೂಲವಾದ ಹೊತ್ತು ತಿಳಿಸಿದರೆ ಹಾಗೇ ಬರ್ತೀವಿ. ಜೊತೆಗೆ ಚಿಕ್ಕಪ್ಪನೂ...’ ಎಂದು ಚುಕ್ಕಿ ಇಟ್ಟೆ. ‘ಬರ್ತಾನೆ’ ಅಂದರೆ ಚಿಕ್ಕಪ್ಪನಿಗೆ ಕಡಿಮೆ, ‘ಬರ್ತಾರೆ’ ಅಂದರೆ ನಮ್ಮಿಬ್ಬರಿಗೂ ಪಾಠ ಹೇಳಿದ ಮೇಷ್ಟ್ರಿಗೆ ನಗು.

ಉತ್ತರ ಚುಟುಕಾಗಿ ಬಂತು: ‘ಆರರ ಮೇಲೆ ಬನ್ನಿ.’

ಆರೇ ಯಾಕೆ ಎಂಬುದಕ್ಕೆ ಗೋಡೆಯ ಕ್ಯಾಲೆಂಡರ್ ನೋಡಿದರೆ ಸಾಕು. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸಮಯವನ್ನು ಸುಮ್ಮನೆ ಆಚೆಗೆ ತಳ್ಳುತ್ತಾರೆ. ಹಿರಿಯರೊಬ್ಬರು ನಿಮ್ಮ ಗಂಟೆಯನ್ನು ಕಾರಣ ಕೊಡದೆ ಬದಲಿಸಿದರೆ, ‘ಯಾಕೆ ಸರ್?’ ಎಂದು ಕೇಳುವ ಮೊದಲು ಆ ದಿನದ ರಾಹುಕಾಲ ನೋಡಿಕೊಳ್ಳುವುದು ಒಳ್ಳೆಯದು.

ನನ್ನ ತಲೆ ಕೆಡಿಸಿದ್ದು ಆರಲ್ಲ, ‘ಬನ್ನಿ’. ಕ್ಲಾಸಿನಲ್ಲಿ ‘ಬಾರೋ ಇಲ್ಲಿ’ ಎಂದು ಕರೆಯುತ್ತಿದ್ದ ಮೇಷ್ಟ್ರು. ಕೆಲವು ಮೇಷ್ಟ್ರುಗಳು ಶಿಷ್ಯನಿಗೆ ನೌಕರಿ ಸಿಕ್ಕ ದಿನದಿಂದ ಬಹುವಚನಕ್ಕೆ ಹೋಗಿಬಿಡುತ್ತಾರೆ. ಶಿಷ್ಯನಿಗೆ ಅದು ಮರ್ಯಾದೆ ಅನ್ನಿಸುವುದಿಲ್ಲ, ಮನೆಯಿಂದ ಹೊರಗೆ ಹಾಕಿದಂತೆ ಅನ್ನಿಸುತ್ತದೆ. ಆದರೆ ನಾವು ಹೋಗುತ್ತಿದ್ದುದು ಮೂವರು. ಮೂವರಿಗೆ ‘ಬನ್ನಿ’ ಎಂದಲ್ಲದೆ ಇನ್ನೇನೆನ್ನುತ್ತಾರೆ? ಅದು ಎಣಿಕೆಯ ಬಹುವಚನವೋ, ಗೌರವದ ಬಹುವಚನವೋ ತಿಳಿಯುವ ಉಪಾಯ ಕನ್ನಡದಲ್ಲಿಲ್ಲ.

ಇದೇ ಕಾರಣಕ್ಕೆ ಗುಂಪಿನಲ್ಲಿ ಸಮಯ ಹಾಕುವುದು ಹಾಯಾದ ಕೆಲಸ. ‘ಎಲ್ಲರೂ ಆರೂಕಾಲಿಗೆ ಬನ್ನಿ’ ಎಂದರೆ ದೊಡ್ಡಪ್ಪ ಅದನ್ನು ಗೌರವವೆಂದು ಓದಿಕೊಳ್ಳುತ್ತಾರೆ, ಹುಡುಗರು ಎಣಿಕೆಯೆಂದು ಓದಿಕೊಳ್ಳುತ್ತಾರೆ. ಗಂಡಾಂತರ ಆಮೇಲೆ. ಗೆಳೆಯ ‘ಹತ್ತು ನಿಮಿಷ ಲೇಟಾಗುತ್ತೆ’ ಅಂದಾಗ ಅವನಿಗೆಂದು ಬರೆದ ‘ಸರಿ ಬಾರೋ’ ದೊಡ್ಡಪ್ಪನ ಸಂದೇಶದ ಕೆಳಗೆ ಹೋಗಿ ಕೂರುತ್ತದೆ. ಅವರ ಸಂದೇಶ ಅಷ್ಟರೊಳಗೆ ನಡುವೆ ನುಗ್ಗಿರುತ್ತದೆ.

ಮರ್ಯಾದೆ ಹೆಚ್ಚಾದಷ್ಟೂ ಒಳ್ಳೆಯದೆಂದೂ ಇಲ್ಲ. ಗೆಳೆಯ ಮುಕ್ಕಾಲು ಗಂಟೆ ಕಾಯಿಸಿದಾಗ ನಾನು ಕಳಿಸಿದ್ದು: ‘ಮಹಾಸ್ವಾಮಿಗಳು ಯಾವಾಗ ದಯಮಾಡಿಸ್ತೀರಿ?’ ಅವನು ಕೂಡಲೇ ಹೊರಟ. ಹೆಂಡತಿಯಿಂದ ‘ತಾವು ಎಷ್ಟು ಹೊತ್ತಿಗೆ ಬರೋಣವಾಗುತ್ತೆ?’ ಎಂದು ಬಂದರೆ ಗಂಡನಾದವನು ಗಂಟೆ ನೋಡುತ್ತಾ ಕೂರಬಾರದು, ಚಪ್ಪಲಿ ಹುಡುಕಬೇಕು.

ಹಾಗಾಗಿ ಅನುಮಾನವಿದ್ದಲ್ಲಿ ‘ಬನ್ನಿ’ ಎಂದೇ ಬರೆಯಿರಿ. ಬನ್ನಿ ಅಂದದ್ದಕ್ಕೆ ಬೇಸರವಾದವರು ‘ನನಗ್ಯಾಕೋ ಬಹುವಚನ’ ಎಂದು ಅಲ್ಲೇ ಬಯ್ದು ತಿದ್ದುತ್ತಾರೆ. ಬಾ ಅಂದದ್ದಕ್ಕೆ ಬೇಸರವಾದವರು ಏನೂ ಹೇಳುವುದಿಲ್ಲ, ಹೇಳಿದ ಹೊತ್ತಿಗೆ ಬರುವುದೂ ಇಲ್ಲ.