ಒಂದು ಪಾಯಿಂಟ್ ಹತ್ತು ಎಕರೆಯ ಸಂಸಾರ

ನಾನು ತಿಪಟೂರು ಕಡೆಯವನು, ನನ್ನವಳು ಕಾರ್ಕಳದವಳು. ಮದುವೆಗೆ ಮುಂಚೆ ಜಾತಕ ನೋಡಿದರು, ಗೋತ್ರ ನೋಡಿದರು, ನನ್ನ ಸಂಬಳದ ಚೀಟಿಯನ್ನೂ ನೋಡಿದರು. ನಮ್ಮೂರಲ್ಲಿ ಭೂಮಿಯನ್ನು ಗುಂಟೆಯಲ್ಲಿ ಅಳೆಯುತ್ತಾರೆ, ಅವಳೂರಲ್ಲಿ ಸೆಂಟಿನಲ್ಲಿ ಅಳೆಯುತ್ತಾರೆ ಎಂಬ ಷಡಾಷ್ಟಕವನ್ನು ಮಾತ್ರ ಯಾವ ಜೋಯಿಸರೂ ಹೇಳಲಿಲ್ಲ. ಅದು ಹೊರಬಿದ್ದದ್ದು ನಾನು ನಿವೃತ್ತನಾಗಿ, ಬಂದ ದುಡ್ಡಿನಲ್ಲಿ ಒಂದು ತುಂಡು ಜಾಗ ಕೊಳ್ಳೋಣ ಎಂದು ಬಾಯಿಬಿಟ್ಟ ಮೇಲೆ.

ಸುದ್ದಿ ಹಬ್ಬಿದ್ದೇ ತಡ, ನೆಂಟರಿಷ್ಟರೆಲ್ಲ ಮೊಬೈಲಿಗೆ ಜಾಗದ ವಿವರ ಕಳಿಸತೊಡಗಿದರು. ನಮ್ಮ ದೊಡ್ಡಪ್ಪ ಒಂದು ತೆಂಗಿನ ತೋಟ ಹೇಳಿದರು, ನಮ್ಮ ಮಾವ ಕಾರ್ಕಳದ ಹತ್ತಿರ ಒಂದು ಗುಡ್ಡೆ ಜಾಗ ಹೇಳಿದರು, ಹೈದರಾಬಾದಿನ ಷಡ್ಡಕ ಅಲ್ಲಿಯದೊಂದು ಪ್ಲಾಟು ಹೇಳಿದ, ಬೆಂಗಳೂರಿನ ದಲ್ಲಾಳಿಯೊಬ್ಬ 30×40 ಸೈಟು ಎಂದ. ಜೀವಮಾನವಿಡೀ ಲೆಕ್ಕಪತ್ರ ವಿಭಾಗದಲ್ಲಿ ಕೂತಿದ್ದವನು ನಾನು. ಇಂಥ ಗೊಂದಲ ಕಂಡರೆ ನನಗೆ ಹಸಿವಾಗುತ್ತದೆ. ಲ್ಯಾಪ್‌ಟಾಪ್ ತೆರೆದು ಒಂದು ಶೀಟು ಮಾಡಿದೆ. ಊರು, ವಿಸ್ತೀರ್ಣ, ಚದರ ಅಡಿ, ಬೆಲೆ. ಕಾಲಂಗಳಿಗೆ ಬಣ್ಣ ಹಚ್ಚುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು.

ದೊಡ್ಡಪ್ಪ ಪಹಣಿಯಲ್ಲಿದ್ದಂತೆ 1-10 ಎಂದು ಬರೆದು ಕಳಿಸಿದ್ದರು. ಒಂದು ಎಕರೆ ಹತ್ತು ಗುಂಟೆ ಎಂದರ್ಥ. ನಾನೂ ಹಾಗೇ 1-10 ಎಂದು ಒತ್ತಿ ಎಂಟರ್ ಹೊಡೆದೆ. ಹೆಗಲ ಮೇಲಿಂದ ಇಣುಕಿದ ಇವಳು ಕೇಳಿದಳು:

“ಎಂತ ಮಾರಾಯ್ರೇ, ನಿಮ್ಮ ತೋಟ ಅಕ್ಟೋಬರ್ ಒಂದನೇ ತಾರೀಕು ಆಗಿದೆಯಲ್ಲ?”

ಆಗಿತ್ತು. ನಡುವೆ ಗೆರೆಯಿರುವ ಎರಡು ಅಂಕಿ ಕಂಡರೆ ಶೀಟು ಅದನ್ನು ತಾರೀಕು ಎಂದುಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ತಾರೀಕಿನ ಹಿಂದೆ ಅದು 1900ರಿಂದ ಎಣಿಸಿಕೊಂಡು ಬಂದ ದಿನಗಳ ಸಂಖ್ಯೆಯನ್ನು ಬಚ್ಚಿಟ್ಟುಕೊಂಡಿರುತ್ತದೆ. 2025ರ ಅಕ್ಟೋಬರ್ ಒಂದು ಅಂದರೆ ಅದಕ್ಕೆ 45,931. ಪಕ್ಕದ ಕಾಲಂ ಅದನ್ನೇ ಎಕರೆ ಎಂದು ನಂಬಿ ಚದರ ಅಡಿಗೆ ಗುಣಿಸಿತು. ಲೆಕ್ಕ ಹಾಕಿ ನೋಡಿದರೆ ಸುಮಾರು 186 ಚದರ ಕಿಲೋಮೀಟರ್ ತೆಂಗಿನ ತೋಟ! ಕಾಯಿ ಕೆಡವುವ ಆಳು ಎಲ್ಲಿಂದ ತರುವುದು ಎಂದು ಒಂದು ಕ್ಷಣ ನಿಜವಾಗಿ ಚಿಂತೆಯಾಯಿತು.

ಗೆರೆ ತೆಗೆದು ಚುಕ್ಕೆ ಇಟ್ಟೆ. 1.10. ಶೀಟು ಕೊನೆಯ ಸೊನ್ನೆಯನ್ನು ನುಂಗಿ 1.1 ಎಂದು ತೋರಿಸಿತು. ಇರಲಿ, ಸೊನ್ನೆಗೆ ಬೆಲೆ ಏನು ಎಂದುಕೊಂಡು ಮುಂದೆ ಹೋದೆ. ಎರಡನೆಯ ಸಾಲಿನಲ್ಲಿ ಮಾವನ ಜಾಗ. ಅದೂ 1.10. ಬೆಲೆ ನೋಡಿದರೆ ತೋಟಕ್ಕೂ 55 ಲಕ್ಷ, ಗುಡ್ಡೆಗೂ 55 ಲಕ್ಷ.

“ಎರಡೂ ಒಂದೇ ಅಳತೆ, ಒಂದೇ ಬೆಲೆ. ಹಾಗಿದ್ದ ಮೇಲೆ ನನ್ನ ತವರಿನದ್ದೇ ತೆಗೊಳ್ಳುವ. ಸಮುದ್ರವೂ ಹತ್ತಿರ” ಎಂದಳು ಇವಳು. ಶೀಟಿನ ಪ್ರಕಾರ ಅವಳ ವಾದಕ್ಕೆ ಉತ್ತರವಿರಲಿಲ್ಲ. ನನ್ನದೇ ಶೀಟು, ನನ್ನದೇ ಬಣ್ಣ.

ಉತ್ತರ ಫೋನಿನಲ್ಲಿ ದೊಡ್ಡಪ್ಪನಿಂದ ಬಂತು. ಅವರಿಗೆ ಶೀಟು ಗೊತ್ತಿಲ್ಲ, ಸರಪಳಿ ಗೊತ್ತು. “ಲೋ, ಗುಂಟೆ ಅಂದ್ರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ. ಅಂಥವು ನಲವತ್ತು ಸೇರಿದ್ರೆ ಎಕರೆ. ಸೆಂಟು ಅಂದ್ರೆ ಎಕರೆಯ ನೂರನೇ ಪಾಲು. ನಿನ್ ಹೆಂಡ್ತಿ ಕಡೆಯೋರ ಚುಕ್ಕೆ ಬೇರೆ, ನಮ್ ಚುಕ್ಕೆ ಬೇರೆ.”

ಕಾಗದದ ಮೇಲೆ ಮಾಡಿ ನೋಡಿದೆ. ಮೂವತ್ಮೂರರ ವರ್ಗ 1,089 ಚದರ ಅಡಿ. ನಲವತ್ತು ಗುಂಟೆಗೆ 43,560, ಅದೇ ಎಕರೆ. ಅದರ ನೂರನೇ ಪಾಲು 435.6, ಅದು ಸೆಂಟು. ಒಂದು ಗುಂಟೆಗೆ ಸರಿಯಾಗಿ ಎರಡೂವರೆ ಸೆಂಟು. ಈ ಮೂವತ್ಮೂರು ಹುಟ್ಟಿದ್ದು ನಮ್ಮೂರಲ್ಲೂ ಅಲ್ಲ, ಕಾರ್ಕಳದಲ್ಲೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ 66 ಅಡಿಯ ಅಳತೆ ಸರಪಳಿ ಮಾಡಿದ. ಅಂಥ ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ಗುಂಟೆಯ ಬದಿ ಆ ಸರಪಳಿಯ ಅರ್ಧದಷ್ಟಿದೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಎಕರೆಯನ್ನು ನೂರು ಮಾಡಿಕೊಂಡರು, ಮೈಸೂರು ಸೀಮೆಯಲ್ಲಿ ನಲವತ್ತು. ಆ ಜಗಳ ಈಗ ನಮ್ಮ ಊಟದ ಮೇಜಿನ ಮೇಲೆ ಕೂತಿತ್ತು.

ನಮ್ಮ 1.10 ಎಂದರೆ 50 ಗುಂಟೆ, 54,450 ಚದರ ಅಡಿ. ಅವರ 1.10 ಎಂದರೆ 110 ಸೆಂಟು, 47,916 ಚದರ ಅಡಿ. ವ್ಯತ್ಯಾಸ 6,534 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಐದು 30×40 ಸೈಟು ಮಾಡಿ, ಮಿಕ್ಕಿದ ಜಾಗದಲ್ಲಿ ಕಾರು ನಿಲ್ಲಿಸಬಹುದು. ಅದೆಲ್ಲ ಒಂದೇ ಚುಕ್ಕೆಯ ಹಿಂದೆ ಅಡಗಿತ್ತು. ಚದರ ಅಡಿ ಬೆಲೆ ತೆಗೆದರೆ ತೋಟಕ್ಕೆ 101 ರೂಪಾಯಿ, ಗುಡ್ಡೆಗೆ ಸುಮಾರು 115. ನಾನು ವಿಜಯಿಯ ಮುಖ ಮಾಡಿಕೊಂಡು ಅಡುಗೆಮನೆಗೆ ಹೋದೆ.

“ಆ ಸೊನ್ನೆ ಎಲ್ಲಿ ಹೋಯಿತು ಮೊದಲು ಹೇಳಿ” ಎಂದಳು ಇವಳು. “ನಿಮ್ಮ ಶೀಟಿನಲ್ಲಿ 1.1 ಅಂತ ಉಂಟು. ನಾಳೆ ಅದನ್ನು ಯಾರಾದರೂ ಒಂದು ಎಕರೆ ಒಂದು ಗುಂಟೆ ಅಂತ ಓದಿದರೆ?”

ಓದಿದರೆ ಒಂಬತ್ತು ಗುಂಟೆ ಮಂಗಮಾಯ. ಶೀಟಿಗೆ 1.1 ಮತ್ತು 1.10 ಎರಡೂ ಒಂದೇ ಸಂಖ್ಯೆ. ನಮಗೆ ಅವು ಬೇರೆ ಬೇರೆ ಜಮೀನು. ಒಂದು ಎಕರೆ ಒಂದು ಗುಂಟೆಯನ್ನು ಬರೆಯಬೇಕಾದದ್ದು 1.01 ಎಂದು. ಅವಸರದಲ್ಲಿ ಯಾರೋ 1.1 ಎಂದು ಒತ್ತಿದ್ದರೆ ಅವರ ಮನಸ್ಸಿನಲ್ಲಿದ್ದದ್ದು ಒಂದೋ ಹತ್ತೋ ಎಂದು ಯಾವ ಸೂತ್ರವೂ ಹೇಳಲಾರದು. ಸಾಂಬಾರಿನ ಹದ ನೋಡುತ್ತಲೇ ನನ್ನ ನಲವತ್ತು ವರ್ಷದ ಅನುಭವಕ್ಕೆ ಉಪ್ಪು ಕಡಿಮೆ ಎಂದು ಇವಳು ತೀರ್ಮಾನಿಸಿಬಿಟ್ಟಳು.

ಮುಖ ಉಳಿಸಿಕೊಳ್ಳಲು ನಾನು ಪಟ್ಟಿಗೆ ಇನ್ನೆರಡು ಸಾಲು ಸೇರಿಸಿದೆ. ತೋಟದ ಪಕ್ಕದಲ್ಲೇ ಅಣ್ಣತಮ್ಮಂದಿರ ಎರಡು ತುಂಡು, ತಲಾ 1.30. ಕೆಳಗೆ ಮೊತ್ತ ಹಾಕಿದಾಗ 2.6, ಅಂದರೆ 2.60 ಬಂತು. ದೊಡ್ಡಪ್ಪನಿಗೆ ಹೆಮ್ಮೆಯಿಂದ ಓದಿ ಹೇಳಿದೆ. “ಅರವತ್ತು ಗುಂಟೆ ಯಾವ ಸೀಮೇಲಿ ಇದೆಯೋ? ನಲವತ್ತಕ್ಕೇ ಎಕರೆ ಮುಗೀತಲ್ಲ!” ಎಂದರು. ಗಂಟೆ ನಿಮಿಷವನ್ನು ಚುಕ್ಕೆ ಇಟ್ಟು ಬರೆದು ಕೂಡಿಸಿದರೆ ಏನಾಗುತ್ತದೋ ಇಲ್ಲೂ ಅದೇ ಆಗಿತ್ತು. ಎಪ್ಪತ್ತು ಗುಂಟೆಗೆ ಎಪ್ಪತ್ತು ಸೇರಿಸಿದರೆ ನೂರನಲವತ್ತು ಗುಂಟೆ, ಅಂದರೆ ಮೂರೂವರೆ ಎಕರೆ. ನನ್ನ ಶೀಟು ಕೂಡುವ ಭರದಲ್ಲಿ ಮುಕ್ಕಾಲು ಎಕರೆಗೂ ಹೆಚ್ಚು ಕಳೆದಿತ್ತು.

ಆದರೂ ದೊಡ್ಡಪ್ಪನ ಬೈಗುಳದಿಂದ ಒಂದು ಉಪಾಯ ಸಿಕ್ಕಿತು. ಚುಕ್ಕೆಯ ಬಲಗಡೆ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಅದು ಗುಂಟೆಯಾಗಿರಲು ಸಾಧ್ಯವೇ ಇಲ್ಲ. ಸೆಂಟಾಗಿರಬೇಕು, ಇಲ್ಲವೇ ನನ್ನಂಥವನು ಮೊತ್ತ ಹಾಕಿರಬೇಕು. 39ರ ಒಳಗಿದ್ದರೆ ಅಂಕಿ ಏನೂ ಹೇಳುವುದಿಲ್ಲ. ಆಗ ಯಾವ ಜಿಲ್ಲೆಯ ಪಹಣಿ ಎಂದು ನೋಡಲೇಬೇಕು.

ಷಡ್ಡಕನ ಪ್ಲಾಟು 200 ಗಜ. ಗಜಕ್ಕೆ ಮೂರಡಿ ಎಂದು ಮೂರರಿಂದ ಗುಣಿಸಿ “ಆರುನೂರು ಅಡಿಯಲ್ಲಿ ಎಲ್ಲರೂ ನಿಂತುಕೊಂಡೇ ಮಲಗಬೇಕಾಗುತ್ತೆ” ಎಂದು ನಾನು ಅಂದದ್ದು ಫೋನಿನಲ್ಲಿ ಅವನಿಗೆ ಕೇಳಿಸಿತು. ಅವನು ಹೇಳುತ್ತಿದ್ದುದು ಚದರ ಗಜ. ಹೈದರಾಬಾದಿನಲ್ಲಿ ‘ಚದರ’ ಎಂಬುದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲವಂತೆ. ಒಂದು ಚದರ ಗಜಕ್ಕೆ ಒಂಬತ್ತು ಚದರ ಅಡಿ, 200ಕ್ಕೆ 1,800. ಬೆಂಗಳೂರಿನ ಒಂದೂವರೆ ಸೈಟು! ನಾದಿನಿ ಆಮೇಲೆ ಒಂದು ವಾರ ಇವಳ ಫೋನಿಗಷ್ಟೇ ಮಾತಾಡಿದಳು. ಮೂವತ್ಮೂರು ಅಡಿ ಎಂದರೆ ಹನ್ನೊಂದು ಗಜ, ಆದ್ದರಿಂದ ಗುಂಟೆಗೆ 121 ಚದರ ಗಜ. ಈ ಒಂದು ಅಂಕಿ ನೆನಪಿದ್ದಿದ್ದರೆ ನೆಂಟಸ್ತನ ಉಳಿಯುತ್ತಿತ್ತು.

ಕೊನೆಗೆ ಶೀಟು ಹೊಸದಾಗಿ ಮಾಡಿದೆ. ಎಕರೆಗೆ ಒಂದು ಕಾಲಂ, ಅದರ ಮೇಲಿನ ಚಿಲ್ಲರೆಗೆ ಇನ್ನೊಂದು, ಆ ಚಿಲ್ಲರೆ ಗುಂಟೆಯೋ ಸೆಂಟೋ ಎಂಬುದಕ್ಕೆ ಮೂರನೆಯದು. ಚುಕ್ಕೆಗೆ ಮನೆಯಿಂದ ಗಡೀಪಾರು. ಎಲ್ಲವೂ ಚದರ ಅಡಿಗೆ ಬಂದು ನಿಲ್ಲುವಂತೆ ನಾಲ್ಕನೆಯದರಲ್ಲಿ ಈ ಸೂತ್ರ:

```
=A2*43560+B2*IF(C2="ಗುಂಟೆ",1089,435.6)
```

ಇವಳೂ ಒಪ್ಪಿ ಎರಡು ಸಾಲು ತುಂಬಿದಳು. ತೋಟ ಇದ್ದಕ್ಕಿದ್ದಂತೆ ಕುಗ್ಗಿ ಗುಡ್ಡೆಯಷ್ಟೇ ಆಯಿತು. ಹುಡುಕಿದರೆ, ‘ಗುಂಟೆ’ ಎಂದು ಬರೆದ ಮೇಲೆ ಅವಳ ಬೆರಳು ಖಾಲಿ ಜಾಗವೊಂದನ್ನು ಒತ್ತಿತ್ತು. ಕಣ್ಣಿಗೆ ಕಾಣದ ಆ ಖಾಲಿಯಿಂದ ಸೂತ್ರಕ್ಕೆ ಅದು ‘ಗುಂಟೆ’ ಅನ್ನಿಸಲಿಲ್ಲ. ಗುಂಟೆ ಅಲ್ಲದ್ದೆಲ್ಲ ಸೆಂಟೇ ಎಂದು ನಂಬುವ ಸೂತ್ರ ಬರೆದವನು ನಾನೇ. ಅವಳ ತವರಿನ ಕಡೆಯವರು ಬರೆದಿದ್ದರೂ ಇಷ್ಟು ನಿಷ್ಠೆಯಿಂದ ಬರೆಯುತ್ತಿರಲಿಲ್ಲ. ಈಗ ಆ ಕಾಲಂನಲ್ಲಿ ಬೆರಳಿಗೆ ಕೆಲಸವಿಲ್ಲ. ಎರಡೇ ಪದಗಳ ಪಟ್ಟಿಯಿಂದ ಆರಿಸಿಕೊಳ್ಳಬೇಕು, ಅಷ್ಟೆ.

ಇಷ್ಟೆಲ್ಲ ಆದಮೇಲೆ ದೊಡ್ಡಪ್ಪ ತಣ್ಣಗೆ ಕೇಳಿದರು: “ಖರಾಬು ಕಳೆದಿದ್ದೀಯಾ?” ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೇ ಖರಾಬಿನ ಸಾಲು ಇರುತ್ತದೆ, ಸಾಗುವಳಿಗೆ ಬಾರದ ನೆಲ. ಹಳ್ಳ, ದಾರಿಯಂಥ ‘ಬಿ’ ಖರಾಬಾದರೆ ಅದು ಸಾರ್ವಜನಿಕರದ್ದು, ಮಾರಲು ಬರುವುದಿಲ್ಲ. ತೋಟದ ಅಂಚಿನಲ್ಲಿ ಹರಿದ ಹಳ್ಳಕ್ಕೆ ಅಂಥ ನಾಲ್ಕು ಗುಂಟೆ ಹೋಗಿತ್ತು. ಉಳಿದದ್ದು 46 ಗುಂಟೆ, 50,094 ಚದರ ಅಡಿ. ಗುಡ್ಡೆಗಿಂತ ಹೆಚ್ಚಿದ್ದ ಹದಿನೈದು ಸೆಂಟು ಐದಕ್ಕೆ ಇಳಿಯಿತು. ಐವತ್ತೈದು ಲಕ್ಷ ಅಷ್ಟೇ ಇದ್ದರೆ ಅಡಿಗೆ 110 ರೂಪಾಯಿ ಬೀಳುತ್ತದೆ. ಇವಳು ಏನೂ ಅನ್ನಲಿಲ್ಲ, ಬರೀ ನಕ್ಕಳು. ಅಂದಿದ್ದರೇ ಚೆನ್ನಾಗಿತ್ತು.

ನಾವು ಇನ್ನೂ ಯಾವ ಜಾಗವನ್ನೂ ಕೊಂಡಿಲ್ಲ. ಹುಡುಕಾಟ ನಡೆದೇ ಇದೆ. ಆದ್ದರಿಂದ ಜಾಗದ ವಿವರ ಕಳಿಸುವ ಮಹನೀಯರಲ್ಲಿ ಒಂದು ಕೋರಿಕೆ: ಎಕರೆ ಇಷ್ಟು, ಗುಂಟೆ ಇಷ್ಟು ಅಥವಾ ಸೆಂಟು ಇಷ್ಟು ಎಂದು ಅಕ್ಷರದಲ್ಲಿ ಬಿಡಿಸಿ ಬರೆಯಿರಿ, ಖರಾಬು ಬೇರೆ ತೋರಿಸಿ, ಸೈಟಾದರೆ ಉದ್ದ ಅಗಲವನ್ನು ಅಡಿಯಲ್ಲಿ ಕೊಡಿ. ಚುಕ್ಕೆ ಇಟ್ಟ ಪಟ್ಟಿಗಳನ್ನು ನಮ್ಮ ಮನೆಯಲ್ಲಿ ಸ್ವೀಕರಿಸಲಾಗುವುದಿಲ್ಲ.