ತಪ್ಪು ಆಯ್ಕೆ ತಯಾರಿಸುವ ಕ್ರಮ

ಪೊಲೀಸ್ ನೇಮಕಾತಿಗೆ ಹುಡುಗರನ್ನು ತಯಾರು ಮಾಡುವ ಕೋಚಿಂಗ್ ಮೇಷ್ಟರಿಗಾಗಿ ಈ ಕೈಪಿಡಿ. ಅದರಲ್ಲೂ ಭಾನುವಾರದ ಮಾದರಿ ಪರೀಕ್ಷೆಗೆ ಶನಿವಾರ ರಾತ್ರಿ ಹನ್ನೊಂದಕ್ಕೆ ಪ್ರಶ್ನೆ ಬರೆಯಲು ಕೂರುವವರಿಗೆ. ಸರಿ ಉತ್ತರ ಪುಸ್ತಕದಲ್ಲೇ ಸಿಗುತ್ತದೆ. ಬೆವರು ಬರುವುದು ಉಳಿದ ಮೂರು ಆಯ್ಕೆಗಳಿಗೆ. ಸರಿ ಉತ್ತರವನ್ನೇ ತಪ್ಪೆಂದು ಅಚ್ಚು ಹಾಕಿಸಿದ ಅನುಭವ ನನಗೆ ಸಾಕಷ್ಟಿರುವುದರಿಂದ ಬರೆಯುವ ಅಧಿಕಾರವೂ ಇದೆ ಅಂದುಕೊಂಡಿದ್ದೇನೆ.

ಬೇಕಾಗುವ ಸಾಮಗ್ರಿ: ಒಂದು ಜಗಳ, ಒಂದು ಕುಡುಗೋಲು, ಧಾರಾಳವಾಗಿ ರಕ್ತ. ದೂರ ಇಡಬೇಕಾದದ್ದು: ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ. ಅದನ್ನು ಒಮ್ಮೆ ಓದಿಬಿಟ್ಟರೆ ಕೈ ನಡುಗುತ್ತದೆ.

ಮೊದಲು, ಗಾಯವನ್ನು ರಕ್ತದಿಂದ ಅಳೆಯಿರಿ. ಹೊನ್ನಾಳಿ ಕಡೆ ಭದ್ರಾ ನಾಲೆಯ ತೂಬಿನ ಹತ್ತಿರ ರಾತ್ರಿ ಸರದಿಯ ನೀರಿಗೆ ಇಬ್ಬರು ಬಡಿದಾಡಿದರು ಅನ್ನಿ. ಒಬ್ಬನ ತಲೆಗೆ ಕುಡುಗೋಲು ತಾಗಿ ಚರ್ಮ ಸೀಳಿತು. ಏಳು ಹೊಲಿಗೆ. ಅಂಗಿಯೆಲ್ಲ ತೊಯ್ದು, ನೋಡಿದವರು ಆಸೆಯನ್ನೇ ಬಿಟ್ಟಿದ್ದರು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಐದನೇ ದಿನ ಆತ ಗದ್ದೆಯಲ್ಲಿದ್ದ. ಇನ್ನೊಬ್ಬನ ಬಾಯಿಗೆ ಗುದ್ದು ಬಿದ್ದು ಮುಂದಿನ ಒಂದು ಹಲ್ಲು ಉದುರಿತು. ಉಗುಳಿದಾಗ ಎರಡು ಹನಿ ರಕ್ತ. ಈಗ ಆಯ್ಕೆ ಬರೆಯಿರಿ: ತಲೆಯದು ತೀವ್ರ ಗಾಯ, ಹಲ್ಲಿನದು ಸಾದಾ ಗಾಯ. ನೂರಕ್ಕೆ ಎಂಬತ್ತು ಹುಡುಗರು ಇದಕ್ಕೇ ಗುರುತು ಹಾಕುತ್ತಾರೆ ಅಂತ ನನ್ನ ಲೆಕ್ಕ, ನಾನೂ ಹಾಕುತ್ತಿದ್ದೆ.

ಕಾನೂನು ಹೇಳುವುದು ಇದರ ತಿರುಗುಮುರುಗು. 116ರಲ್ಲಿ ತೀವ್ರ ಗಾಯದ ಬಗೆಗಳು ಎಂಟು: ಪುರುಷತ್ವ ಹೋಗುವುದು, ಒಂದು ಕಣ್ಣು ಶಾಶ್ವತವಾಗಿ ಹೋಗುವುದು, ಒಂದು ಕಿವಿ ಶಾಶ್ವತವಾಗಿ ಕೇಳದಾಗುವುದು, ಅಂಗ ಇಲ್ಲವೆ ಕೀಲು ಕಳೆದುಕೊಳ್ಳುವುದು, ಅದರ ಶಕ್ತಿ ಶಾಶ್ವತವಾಗಿ ಕುಂದುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿರೂಪವಾಗುವುದು, ಮೂಳೆ ಇಲ್ಲವೆ ಹಲ್ಲು ಮುರಿಯುವುದು ಅಥವಾ ಜಾಗ ತಪ್ಪುವುದು, ಕೊನೆಗೆ ಜೀವಕ್ಕೆ ಅಪಾಯ ತರುವ ಅಥವಾ ಹದಿನೈದು ದಿನ ಕಾಡುವ ಗಾಯ. ಎಂಟರಲ್ಲಿ ಎಲ್ಲೂ ರಕ್ತ ಎಂಬ ಮಾತಿಲ್ಲ, ಹೊಲಿಗೆ ಎಂಬ ಮಾತಿಲ್ಲ. ಹಲ್ಲಿದೆ. ಉದುರಿದ ಹಲ್ಲು ನೇರವಾಗಿ ಏಳನೆಯ ಬಗೆಗೆ ಹೋಗಿ ಕೂರುತ್ತದೆ.

ಹಾಗಾದರೆ ಕುಡುಗೋಲಿಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಬೇರೆ ಕಡೆ. ಕೊಯ್ಯುವ ಸಾಧನದಿಂದ ಬೇಕೆಂದೇ ಮಾಡಿದ ಸಾದಾ ಗಾಯ 118(1)ಕ್ಕೆ ಬರುತ್ತದೆ. ಮೂರು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬರಿಗೈಯ ಸಾದಾ ಗಾಯಕ್ಕೆ 115(2)ರಲ್ಲಿ ಒಂದು ವರ್ಷ, 10,000. ಆಯುಧ ಶಿಕ್ಷೆಯನ್ನು ಏರಿಸಿತೇ ಹೊರತು ಗಾಯದ ಜಾತಿಯನ್ನು ಬದಲಿಸಲಿಲ್ಲ. ಅದೇ ಕುಡುಗೋಲು ತಲೆಬುರುಡೆಯಲ್ಲಿ ಒಂದು ಬಿರುಕು ಬಿಟ್ಟಿದ್ದರೆ ಜಾತಿಯೇ ಬದಲಾಗುತ್ತಿತ್ತು. ಮೂಳೆ ಆರುಪಾರು ತುಂಡಾಗಬೇಕಿಲ್ಲ, ಬಿರುಕೂ ಮುರಿತವೇ ಎಂದು ಹೋರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಯ್ಕೆ ತಯಾರಕರು ಎಕ್ಸ್‌ರೇ ಫಲಿತಾಂಶವನ್ನು ಪ್ರಶ್ನೆಯಲ್ಲಿ ತಪ್ಪಿಯೂ ಬರೆಯಬಾರದು.

ಎರಡನೆಯದಾಗಿ, ದಿನ ಎಣಿಸಿ, ತಾರೀಖು ಮುಚ್ಚಿಡಿ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸಿನ ಕೈಯನ್ನು ಯಾರೋ ಜಗಳದಲ್ಲಿ ತಿರುಚಿದ. ಮೂಳೆ ಮುರಿದಿಲ್ಲ, ಕೀಲು ತಪ್ಪಿಲ್ಲ, ಮಣಿಕಟ್ಟು ಉಳುಕಿದೆ. ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಲಿಲ್ಲ, ಆದರೆ ಹದಿನೇಳು ದಿನ ಸುಲಿಯುವ ಕತ್ತಿಯ ಮುಂದೆ ಕೂರಲಾಗಲಿಲ್ಲ. ಇದು ಯಾವ ಗಾಯ? 2023ರ ಕೊಯ್ಲಿನಲ್ಲಿ ಆಗಿದ್ದರೆ ಸಾದಾ. ಆಗ ಇದ್ದದ್ದು ಭಾರತೀಯ ದಂಡ ಸಂಹಿತೆಯ 320. ಅದರಲ್ಲಿ ಇಪ್ಪತ್ತು ದಿನ ಬೇಕಿತ್ತು. 2024ರ ಕೊಯ್ಲಿನಲ್ಲಾದರೆ ತೀವ್ರ, ಏಕೆಂದರೆ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಹದಿನೈದೇ ದಿನ. ಅದೇ ಕೈ, ಅದೇ ಉಳುಕು. ನೋಡಬೇಕಾದದ್ದು ಕೃತ್ಯ ನಡೆದ ದಿನ, ಕೇಸು ವಿಚಾರಣೆಗೆ ಬಂದ ದಿನವಲ್ಲ. ಹಳೆಯ ಗೈಡು ನೋಡಿ ಹೊಸ ಪ್ರಶ್ನೆ ಬರೆಯುವವರಿಗೆ ಈ ಹಂತದಲ್ಲಿ ವಿಶೇಷ ಶ್ರಮವೇ ಬೇಡ.

ಇದರಲ್ಲೇ ಇನ್ನೊಂದು ಉಪಾಯವಿದೆ. ‘ಹದಿನಾರು ದಿನ ಆಸ್ಪತ್ರೆಯಲ್ಲಿದ್ದ, ಆದ್ದರಿಂದ ತೀವ್ರ’ ಎಂದು ಬರೆಯಿರಿ. ಕೇಳಲು ಎಷ್ಟು ಸರಿಯಾಗಿದೆ! ಕಾನೂನು ಕೇಳುವುದು ಹಾಸಿಗೆಯ ದಿನಗಳನ್ನಲ್ಲ. ಆ ದಿನಗಳಷ್ಟೂ ತೀವ್ರ ನೋವಿತ್ತೇ, ಅಥವಾ ತನ್ನ ನಿತ್ಯದ ಕೆಲಸ ಮಾಡಲಾಗದೆ ಇದ್ದನೇ ಎಂದು. ಡಿಸ್ಚಾರ್ಜ್ ಚೀಟಿ ಅದಕ್ಕೊಂದು ಸಾಕ್ಷಿ ಮಾತ್ರ.

ಮೂರನೆಯ ಹೆಜ್ಜೆ ನುರಿತವರಿಗೆ: ಗಾಯವನ್ನೂ ಅಪರಾಧವನ್ನೂ ಒಂದೇ ಮಾಡಿ. ನ್ಯಾಮತಿ ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ನೂಕಾಟ. ಸಿಟ್ಟಿಗೆ ಒಬ್ಬ ಇನ್ನೊಬ್ಬನ ಎದೆಗೆ ತಳ್ಳಿದ. ಆತ ಬಿದ್ದ, ಮುಂಗೈ ಮೂಳೆ ಮುರಿಯಿತು. ವೂಂಡ್ ಸರ್ಟಿಫಿಕೇಟಿನಲ್ಲಿ ತೀವ್ರ ಗಾಯ ಎಂದಿದೆ; ಅದು ಸರಿಯೂ ಹೌದು. ಅದನ್ನು ತೋರಿಸಿ 117(2), ಏಳು ವರ್ಷ ಎಂದು ಬರೆದುಬಿಡಿ. 117(1)ರ ವಿವರಣೆಯನ್ನು ಮಾತ್ರ ತೋರಿಸಬೇಡಿ. ತೀವ್ರ ಗಾಯ ಆದರಷ್ಟೇ ಸಾಲದು, ಮಾಡಿದವನಿಗೆ ಅಂಥ ಗಾಯದ ಉದ್ದೇಶವಿರಬೇಕು ಅಥವಾ ಆಗಬಹುದೆಂಬ ಅರಿವಿರಬೇಕು ಎನ್ನುತ್ತದೆ ಅದು. ಬರೀ ತಳ್ಳಿದವನಲ್ಲಿ ಅದನ್ನು ತೋರಿಸಲಾಗದಿದ್ದರೆ ಪ್ರಕರಣ 115(2)ಕ್ಕೆ ಇಳಿಯುತ್ತದೆ. ಮುಖ ಕೆಡಿಸಲೆಂದೇ ಹೊಡೆದು, ಮುಖ ಕೆಡದೆ ಹದಿನೈದು ದಿನದ ತೀವ್ರ ನೋವು ಮಾತ್ರ ಆದರೆ? ಅವನಿಗೆ ವಿನಾಯಿತಿಯಿಲ್ಲ, ಒಂದು ಬಗೆಯ ತೀವ್ರ ಗಾಯ ಬಯಸಿ ಇನ್ನೊಂದು ಬಗೆಯದು ಆದರೂ 117 ಹಿಡಿಯುತ್ತದೆ. ಅಂದರೆ ಸರ್ಟಿಫಿಕೇಟು ಮೂಳೆಯ ವಿಷಯ ಹೇಳುತ್ತದೆ, ಮನಸ್ಸಿನ ವಿಷಯ ಹೇಳುವುದಿಲ್ಲ.

ಕಡೆಯದು, ಅವಸರ. ಜಗಳೂರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವನ ಕೆನ್ನೆಗೆ ಬಾರಿಸಿದರು. ಕಿವಿಯ ತಮಟೆ ತೂತಾಗಿ ಆ ಕಿವಿ ಕೇಳುತ್ತಿಲ್ಲ. ಪ್ರಶ್ನೆ: ಇದು ಸಾದಾ ಗಾಯವೇ, ತೀವ್ರ ಗಾಯವೇ? ಎರಡಕ್ಕೂ ಆಯ್ಕೆ ಕೊಡಿ. ಜೊತೆಗೆ ‘ಗಾಯವೇ ಅಲ್ಲ’ ಎಂಬುದೊಂದು, ‘ಮೇಲಿನ ಎಲ್ಲವೂ’ ಎಂಬುದೊಂದು. ರಕ್ತ ಬರದಿದ್ದರೂ, ಬರೀ ದೈಹಿಕ ನೋವಾದರೂ 114ರ ಪ್ರಕಾರ ಅದು ಗಾಯವೇ. ಆದ್ದರಿಂದ ಮೂರನೆಯದು ಬಿತ್ತು. ಆದರೆ ಎಂಟು ಬಗೆಯಲ್ಲಿ ಕಿವಿಯ ಸಾಲಿಗೆ ‘ಶಾಶ್ವತ’ ಎಂಬ ಪದ ಅಂಟಿಕೊಂಡಿದೆ. ಇಂಥ ಸಣ್ಣ ತೂತು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಎಚ್ಚರದ ವೈದ್ಯರು ಆ ದಿನವೇ ಅಭಿಪ್ರಾಯ ಕೊಡದೆ, ಮುಂದೆ ಆಡಿಯೋಮೆಟ್ರಿ ಆದ ಮೇಲೆ ಎಂದು ಬರೆದಿಡುತ್ತಾರೆ.

ಈ ಪ್ರಶ್ನೆಯನ್ನು ನಾನು ನಿಜವಾಗಿಯೂ ಕೊಟ್ಟಿದ್ದೆ. ಸರಿ ಉತ್ತರ ‘ತೀವ್ರ ಗಾಯ’ ಎಂದೇ ಅಚ್ಚಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ನಾಲ್ಕನ್ನೂ ಬಿಟ್ಟು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಐದನೆಯದನ್ನು ಬರೆದಿದ್ದ: ‘ಮೂರು ತಿಂಗಳು ಬಿಟ್ಟು ಕಿವಿ ನೋಡಿ ಹೇಳ್ತೀನಿ ಸಾರ್.’ ಸೊನ್ನೆ ಹಾಕಿದೆ.